ಬೋರ್ಡಿನ ಮೇಲಿನ ‘ಪ್ರೈವೇಟ್ ಲಿಮಿಟೆಡ್’

ಹುಮನಾಬಾದಿನಲ್ಲಿ ತೊಗರಿ ಬೇಳೆ ಪ್ಯಾಕ್ ಮಾಡಿ ಮಾರುವ ನನ್ನ ಅಕ್ಕನ ಮಗ ಒಬ್ಬನೇ ದುಡಿಯುವವನು. ಕಾಗದದ ಮೇಲೆ ಮಾತ್ರ ಅವನೂ ಹೆಂಡತಿಯೂ ಒಂದು ಕಂಪನಿಯ ನಿರ್ದೇಶಕರು. “ಮಾಮಾ, ಬೋರ್ಡ್ ಮ್ಯಾಲೆ ಪ್ರೈವೇಟ್ ಲಿಮಿಟೆಡ್ ಅಂತ ಇದ್ರ ಹೈದರಾಬಾದ್ ಪಾರ್ಟಿ ಉದ್ರಿ ಕೊಡ್ತಾರ, ಟ್ಯಾಕ್ಸೂ ಬರೇ 22 ಪರ್ಸೆಂಟ್” ಎಂದಿದ್ದ. ಯಾರೋ ಏಜೆಂಟ್ ಹೇಳಿಕೊಟ್ಟ ಮಾತು.

2025-26ರಲ್ಲಿ ಅವನ ಲಾಭ 12 ಲಕ್ಷ. ಆ 22ಕ್ಕೆ ಸರ್‌ಚಾರ್ಜ್, ಸೆಸ್ ಸೇರಿದರೆ ಶೇ 25.168, ಕಂಪನಿಯ ತೆರಿಗೆ 3,02,016 ರೂಪಾಯಿ. ಅದೇ ಲಾಭ ಅವನ ಸ್ವಂತ ಹೆಸರಿನಲ್ಲಿ, ಹೊಸ ಪದ್ಧತಿಯಲ್ಲಿ ಬಂದಿದ್ದರೆ ರಿಬೇಟ್ ಕಳೆದು ಸೊನ್ನೆ. ಪಾಲುದಾರಿಕೆ ಮಾಡಿದ್ದರೆ? ದುಡಿಯುವ ಪಾಲುದಾರನ ಸಂಬಳಕ್ಕೆ ಮೊದಲ 6 ಲಕ್ಷದ ಶೇ 90, ಉಳಿದ 6 ಲಕ್ಷದ ಶೇ 60, ಅಂದರೆ 5.4 ಮತ್ತು 3.6, ಒಟ್ಟು 9 ಲಕ್ಷ ಕಳೆಯಬಹುದು. ಪಾಲುಪತ್ರದಲ್ಲಿ ಅದು ಬರೆದಿರಬೇಕು. ಉಳಿದ 3 ಲಕ್ಷಕ್ಕೆ ಶೇ 30, ಸೆಸ್ ಸೇರಿ 93,600. ಪಾಲುದಾರನಿಗೆ ಕೊಡುವ ಸಂಬಳ, ಬಡ್ಡಿ ವರ್ಷಕ್ಕೆ 20,000 ದಾಟಿದರೆ 2025ರ ಏಪ್ರಿಲ್‌ನಿಂದ ಶೇ 10 ಟಿಡಿಎಸ್ ಬೇರೆ ಮುರಿಯಬೇಕು.

ಕಂಪನಿಯಲ್ಲೂ ತೆರಿಗೆ ಸೊನ್ನೆಗೆ ಇಳಿಸಬಹುದಿತ್ತು. ಬೋರ್ಡಿನ ಠರಾವು ಮಾಡಿ, ಆ 12 ಲಕ್ಷವನ್ನೇ ತನ್ನ ಕೆಲಸಕ್ಕೆ ಸಂಬಳವಾಗಿ ತೆಗೆದುಕೊಂಡಿದ್ದರೆ ಸಾಕಿತ್ತು. ಅವನು ಠರಾವನ್ನೂ ಮಾಡಲಿಲ್ಲ, ಸಂಬಳವನ್ನೂ ಬರೆಯಲಿಲ್ಲ. ಮನೆ ಖರ್ಚಿಗೆ ಬೇಕಾದಾಗಲೆಲ್ಲ ಕಂಪನಿಯ ಖಾತೆಯಿಂದ ಯುಪಿಐ ಮಾಡಿದ. ಲೆಕ್ಕದಲ್ಲಿ ಅದು ನಿರ್ದೇಶಕನಿಗೆ ಕೊಟ್ಟ ಸಾಲ. ಕಂಪನಿ ಕಾಯ್ದೆಯ 185ನೇ ಕಲಂ ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಆದಾಯ ತೆರಿಗೆಯವರು ಲಾಭಾಂಶ ಎಂದೇ ಎಣಿಸಬಹುದು. ಗಲ್ಲಾಪೆಟ್ಟಿಗೆಗೆ ಕೈ ಹಾಕುವ ರೂಢಿ ಇದ್ದವರಿಗೆ ಕಂಪನಿ ಒಗ್ಗುವುದಿಲ್ಲ. ದುಡ್ಡು ನಿಮ್ಮದಲ್ಲ, ಕಂಪನಿಯದು; ಇದನ್ನು ಎಷ್ಟು ಸಲ ಹೇಳಿದರೂ ನಮ್ಮ ವ್ಯಾಪಾರಿಗಳ ತಲೆಗೆ ಹೋಗುವುದಿಲ್ಲ.

ಇನ್ನು ಫೈಲಿಂಗ್. ಲಾಭ ಇರಲಿ ಬಿಡಲಿ, ಕಂಪನಿಗೆ ಪ್ರತಿ ವರ್ಷ ಆಡಿಟ್ ಆಗಲೇಬೇಕು. ಎಒಸಿ-4 ಮತ್ತು ಎಂಜಿಟಿ-7ಎ ತಡವಾದರೆ ಫಾರಂ ಒಂದಕ್ಕೆ ದಿನಕ್ಕೆ 100 ರೂಪಾಯಿ, ಮಿತಿಯೇ ಇಲ್ಲ. ಎರಡೂ ಒಂದು ವರ್ಷ ಮರೆತರೆ 73,000. ಸತತ ಮೂರು ವರ್ಷ ಕೊಡದಿದ್ದರೆ ಐದು ವರ್ಷ ಯಾವ ಕಂಪನಿಯಲ್ಲೂ ನಿರ್ದೇಶಕನಾಗಿ ನೇಮಕವಾಗುವಂತಿಲ್ಲ.

“ಸಾಲ ಮುಳುಗಿದ್ರ ಮನಿ ಉಳೀತದಲ್ಲ ಮಾಮಾ” ಎಂದ. ಬ್ಯಾಂಕ್ ಸಾಲದ ಕಾಗದ ತರಿಸಿ ನೋಡಿದೆ. ಗಂಡ ಹೆಂಡತಿ ಇಬ್ಬರದೂ ವೈಯಕ್ತಿಕ ಜಾಮೀನು ಇತ್ತು. ಹೊರಗಿನವರ ಬಂಡವಾಳ ತರುವ ಅಂದಾಜಿದ್ದರೆ ಕಂಪನಿ ಬೇಕು, ಅವನಿಗೆ ಅದಿಲ್ಲ.

ಈಗ ಸ್ವಂತ ಹೆಸರಿನಲ್ಲಿ ಹೊಸ ಜಿಎಸ್‌ಟಿ ನೋಂದಣಿ ಮಾಡಿಸುತ್ತಿದ್ದಾನೆ. ಪ್ಯಾನ್ ಬೇರೆಯಾದ್ದರಿಂದ ಹಳೆಯ ನಂಬರ್ ನಡೆಯದು. ಕಂಪನಿ ಮುಚ್ಚಲು ಎಸ್‌ಟಿಕೆ-2 ಅರ್ಜಿಗೆ 10,000 ರೂಪಾಯಿ. ಅದಕ್ಕೂ ಮೊದಲು ಬಾಕಿ ಫಾರಂಗಳೆಲ್ಲ ದಂಡದ ಸಮೇತ ಸಲ್ಲಿಕೆಯಾಗಬೇಕು.