ಉದ್ಯಮ್ ನೋಂದಣಿ: ಎರಡು ಲೇತ್ ಇರೋ ಶೆಡ್‌ಗೆ ಅದರಿಂದ ಏನು ಸಿಗುತ್ತೆ, ಏನು ತಲೆ ಮೇಲೆ ಬರುತ್ತೆ?

ಪೀಣ್ಯದಲ್ಲಿ ಒಂದು ಚಿಕ್ಕ ಶೆಡ್ ಇದೆ ಅಂದುಕೊಳ್ಳಿ. ಎರಡು ಲೇತ್, ಒಂದು ಮಿಲ್ಲಿಂಗ್ ಮಷೀನ್, ಮೂರು ಜನ ಕೆಲಸಗಾರರು. ಮಾಲೀಕರೇ ಸ್ಟೀಲ್ ರಾಡ್ ಕೊಂಡು ತಂದು, ಬುಶ್ ಮಾಡಿ, ಬೆಂಗಳೂರಿನದೇ ಒಂದು ದೊಡ್ಡ ಕಂಪನಿಗೆ ಕೊಡ್ತಾರೆ. ವರ್ಷದ ವಹಿವಾಟು 25 ಲಕ್ಷ. ಈ ಶೆಡ್‌ಗೆ ಸರ್ಕಾರದ ಪುಸ್ತಕದಲ್ಲಿ ಹೆಸರು ಬರಬೇಕಾದ್ರೆ ಬೇಕಾಗಿರೋದು ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಹಳೆಯ ಉದ್ಯೋಗ್ ಆಧಾರ್ ಬದಲು ಇದು ಬಂದಿದೆ.

ಮಾಡೋದು ಸುಲಭ. udyamregistration.gov.in ನಲ್ಲಿ ಮಾಲೀಕರ ಆಧಾರ್ ಹಾಕಿ ಓಟಿಪಿ ಕೊಡಬೇಕು, ಆಮೇಲೆ ಪ್ಯಾನ್, ವಿಳಾಸ, ಬ್ಯಾಂಕ್ ಖಾತೆ, ಕೆಲಸಗಾರರ ಸಂಖ್ಯೆ. ಯಾವ ದಾಖಲೆಯನ್ನೂ ಅಪ್‌ಲೋಡ್ ಮಾಡೋ ಹಾಗಿಲ್ಲ, ಶುಲ್ಕವೂ ಇಲ್ಲ. ಯಾವುದಾದ್ರೂ ವೆಬ್‌ಸೈಟ್ ದುಡ್ಡು ಕೇಳಿದ್ರೆ ಅದು ಸರ್ಕಾರದ್ದಲ್ಲ. ಗಮನ ಕೊಡಬೇಕಾದ ಜಾಗ ಎನ್ಐಸಿ ಕೋಡ್. ನಮ್ಮ ಶೆಡ್ ಉತ್ಪಾದನೆಯ ಕೋಡ್ ಆರಿಸಬೇಕು, ವ್ಯಾಪಾರದ್ದಲ್ಲ. ಯಾಕೆಂದ್ರೆ ಮುಂದೆ ಹೇಳೋ ಪಾವತಿ ರಕ್ಷಣೆ ಬರೀ ಕೊಂಡು ಮಾರೋರಿಗೆ ಸಿಗಲ್ಲ.

2025ರ ಏಪ್ರಿಲ್ 1ರಿಂದ ಯಂತ್ರಗಳ ಮೇಲಿನ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ಮೀರದ ಘಟಕ 'ಮೈಕ್ರೋ'. ಎರಡೂ ಮಿತಿಯ ಒಳಗಿರಬೇಕು. ಜಾಗ, ಕಟ್ಟಡದ ಬೆಲೆ ಇದರಲ್ಲಿ ಸೇರಲ್ಲ. ಹಾಗಾಗಿ ನಮ್ಮ ಶೆಡ್ ಆರಾಮಾಗಿ ಮೈಕ್ರೋ.

ಈಗ ಮುಖ್ಯ ಲಾಭಕ್ಕೆ ಬರೋಣ. ಚಿಕ್ಕ ಘಟಕಗಳ ದೊಡ್ಡ ತಲೆನೋವು ಆರ್ಡರ್ ಇಲ್ಲದಿರೋದಲ್ಲ, ಬಿಲ್ ದುಡ್ಡು ತಡವಾಗೋದು. 2006ರ ಎಂಎಸ್ಎಂಇಡಿ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇದ್ರೂ ಮಾಲು ಒಪ್ಪಿಕೊಂಡ ದಿನದಿಂದ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದವೇ ಇಲ್ಲದಿದ್ರೆ 15 ದಿನ. ಡೆಲಿವರಿ ಆಗಿ 15 ದಿನದೊಳಗೆ ಖರೀದಿದಾರ ಬರವಣಿಗೆಯಲ್ಲಿ ತಕರಾರು ಹೇಳದಿದ್ರೆ, ಡೆಲಿವರಿ ದಿನವೇ ಒಪ್ಪಿಕೊಂಡ ದಿನ. ಅದಕ್ಕೇ ಸಹಿ, ತಾರೀಕು ಇರೋ ಡೆಲಿವರಿ ಚಲನ್ ಜೋಪಾನವಾಗಿಡಬೇಕು.

ಒಂದು ಲೆಕ್ಕ ನೋಡಿ. ಬಿಲ್ 1,00,000 ರೂಪಾಯಿ, ಜೂನ್ 1ಕ್ಕೆ ಡೆಲಿವರಿ. ಪರ್ಚೇಸ್ ಆರ್ಡರ್‌ನಲ್ಲಿ '90 ದಿನ' ಅಂತ ಬರೆದಿದ್ರೂ ಗಡುವು ಜುಲೈ 16ಕ್ಕೇ ಮುಗಿಯುತ್ತೆ. ಹಣ ಬಂದಿದ್ದು ಅಕ್ಟೋಬರ್ 16ಕ್ಕೆ, ಅಂದ್ರೆ ಮೂರು ತಿಂಗಳು ತಡ. ಬಡ್ಡಿ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ದರ 6% ಅಂತ ಇಟ್ಕೊಂಡ್ರೆ ವರ್ಷಕ್ಕೆ 18%, ತಿಂಗಳಿಗೆ 1.5%:

1,00,000 × (1.015³ − 1) ≈ 4,568 ರೂಪಾಯಿ

ಕೊಡದಿದ್ರೆ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ಗೆ ಆನ್‌ಲೈನ್ ದೂರು ಕೊಡಬಹುದು. ಅಲ್ಲಿ ಮೊದಲು ರಾಜಿ ಪ್ರಯತ್ನ, ಆಗದಿದ್ರೆ ಮಧ್ಯಸ್ಥಿಕೆಯ ತೀರ್ಪು. ಆ ತೀರ್ಪನ್ನು ಖರೀದಿದಾರ ಕೋರ್ಟಿನಲ್ಲಿ ಪ್ರಶ್ನಿಸಬೇಕಾದ್ರೆ 75% ಹಣ ಮೊದಲೇ ಕಟ್ಟಬೇಕು.

ಆದ್ರೆ ಇರೋದು ಒಬ್ಬನೇ ಗ್ರಾಹಕ ಅಂದ್ರೆ ದೂರು ಕೊಟ್ಟು ಮುಂದಿನ ಆರ್ಡರ್ ಕಳ್ಕೊಳ್ಳೋಕೆ ಯಾರೂ ಧೈರ್ಯ ಮಾಡಲ್ಲ. ಇಲ್ಲಿ 2023ರ ಹಣಕಾಸು ಕಾಯ್ದೆ ತಂದ ತೆರಿಗೆ ನಿಯಮ ಸಹಾಯಕ್ಕೆ ಬರುತ್ತೆ. ಗಡುವು ದಾಟಿದ ಬಿಲ್ ಮಾರ್ಚ್ 31ಕ್ಕೂ ಬಾಕಿ ಇದ್ರೆ, ಆ ವರ್ಷ ಖರೀದಿದಾರ ಅದನ್ನು ಖರ್ಚು ಅಂತ ತೋರಿಸಿ ತೆರಿಗೆ ಉಳಿಸೋ ಹಾಗಿಲ್ಲ. ಹಣ ಕೊಟ್ಟ ವರ್ಷ ಮಾತ್ರ ತೋರಿಸಬಹುದು. ಆದ್ದರಿಂದ ಬಿಲ್ ಮೇಲೆ UDYAM-KR ಅಂತ ಶುರುವಾಗೋ ನಂಬರ್ ಇದ್ರೆ, ನಾವು ಜಗಳ ಆಡದಿದ್ರೂ ಅವರ ಅಕೌಂಟ್ಸ್ ವಿಭಾಗವೇ ಎಚ್ಚರವಾಗುತ್ತೆ. ಈ ನಿಯಮದ ಮಿತಿಯೂ ಇದೆ: ನಮ್ಮ ಅಕ್ಟೋಬರ್ ಬಿಲ್ ತರ ಅದೇ ಆರ್ಥಿಕ ವರ್ಷದಲ್ಲಿ ಹಣ ಬಂದ್ರೆ ಅವರಿಗೆ ತೆರಿಗೆ ಪೆಟ್ಟು ಬೀಳಲ್ಲ.

ಮಾಲು ಕೊಟ್ಟ ಮೇಲೆ ನೋಂದಣಿ ಮಾಡಿದ್ರೆ ಸಾಕಾ? 2021ರಲ್ಲಿ ಸುಪ್ರೀಂ ಕೋರ್ಟ್ ಹಳೆಯ ಬಿಲ್‌ಗಳಿಗೆ ಲಾಭ ಇಲ್ಲ ಅಂತು. 2025ರಲ್ಲಿ ಇದೇ ತರದ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಿತು. ಮೊದಲ ಡೆಲಿವರಿಗೆ ಮುಂಚೆಯೇ ಮಾಡಿಸಿದ್ರೆ ಈ ಗೊಂದಲವೇ ಇರಲ್ಲ.

ಇನ್ನು ಜವಾಬ್ದಾರಿ. ಉದ್ಯಮ್ ಲೈಸೆನ್ಸ್ ಅಲ್ಲ. ಪಾಲಿಕೆಯ ಟ್ರೇಡ್ ಲೈಸೆನ್ಸ್, ಅನ್ವಯಿಸಿದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಇವೆಲ್ಲ ಬೇರೆಯೇ. ಹೂಡಿಕೆ, ವಹಿವಾಟಿನ ಅಂಕಿಗಳು ಪ್ಯಾನ್ ಮೂಲಕ ಐಟಿ ಮತ್ತು ಜಿಎಸ್‌ಟಿ ರಿಟರ್ನ್‌ಗಳಿಂದ ಬರುತ್ತವೆ, ಹಾಗಾಗಿ ರಿಟರ್ನ್ ಸರಿಯಾಗಿ ಹಾಕಬೇಕು. ಸುಳ್ಳು ಮಾಹಿತಿಗೆ ದಂಡ ಇದೆ.

ಜಿಎಸ್‌ಟಿಯಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮ ಶೆಡ್ ತನ್ನದೇ ಸ್ಟೀಲ್‌ನಿಂದ ಮಾಡಿದ ಬುಶ್ ಅನ್ನು ರಾಜ್ಯದೊಳಗೇ ಮಾರೋದ್ರಿಂದ ಕಡ್ಡಾಯ ಮಿತಿ 40 ಲಕ್ಷ; 25 ಲಕ್ಷಕ್ಕೆ ನೋಂದಣಿ ಬೇಕಿಲ್ಲ. ಅದೇ ಕಂಪನಿ ಸ್ಟೀಲ್ ಕೊಟ್ಟು, ಶೆಡ್ ಬರೀ ಕೂಲಿಗೆ ಟರ್ನಿಂಗ್ ಮಾಡಿದ್ರೆ ಅದು ಜಾಬ್ ವರ್ಕ್, ಅಂದ್ರೆ ಸೇವೆ. ಆಗ ಮಿತಿ 20 ಲಕ್ಷ, ಅದೇ 25 ಲಕ್ಷಕ್ಕೆ ಜಿಎಸ್‌ಟಿ ಕಡ್ಡಾಯ. ಲೇತ್ ಅದೇ, ಬುಶ್ ಅದೇ. ರಾಡ್ ಯಾರದ್ದು ಅನ್ನೋದರ ಮೇಲೆ ನಿಯಮ ಬದಲಾಗುತ್ತೆ.