ಗೇಟ್ ರಾಡ್ ಬಾಗದಿರಲು ಏಳು ಸೂತ್ರಗಳು

ತುಂಗಭದ್ರಾ ಎಡದಂಡೆ ನಾಲೆ ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಲ್ಲಿ ಹುಟ್ಟಿ ಗಂಗಾವತಿಯ ಭತ್ತದ ಗದ್ದೆಗಳತ್ತ ಸಾಗುತ್ತದೆ. ನಾಲೆಯಿಂದ ಒಡೆಯುವ ವಿತರಣಾ ಕಾಲುವೆಗಳ ಬಾಯಲ್ಲಿ ತಿರುಪು ಕೊರೆದ ಉಕ್ಕಿನ ರಾಡಿನಿಂದ ಏರಿಳಿಸುವ ಸಣ್ಣ ಗೇಟುಗಳು ಇರುತ್ತವೆ. ಕುಷ್ಟಗಿ, ಯಲಬುರ್ಗಾ ಕಡೆ ಕೆರೆಯ ತೂಬಿಗೂ ಇಂಥದೇ ರಾಡ್ ಹಾಕಬಹುದು. ಇಂಥ ರಾಡನ್ನು ವಿನ್ಯಾಸ ಮಾಡುವ ಕಿರಿಯ ಎಂಜಿನಿಯರ್‌ಗೂ ಅದನ್ನು ಲೇಥಿನಲ್ಲಿ ಕಡೆಯುವ ವರ್ಕ್‌ಶಾಪಿನವರಿಗೂ ಈ ಸೂತ್ರಗಳು.

1. ಎಳೆಯುವ ಲೆಕ್ಕ ಬೇರೆ, ತಳ್ಳುವ ಲೆಕ್ಕ ಬೇರೆ.
2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಚೈನು ತುಂಡಾಗಿ ಕೊಚ್ಚಿಹೋಯಿತು. ಚೈನು ಎಳೆಯಬಲ್ಲದು, ತಳ್ಳಲಾರದು. ಹಾಗಾಗಿ ಅದು ಹರಿಯಬಹುದು, ಬಾಗಿ ಸೋಲುವ ಪ್ರಶ್ನೆಯೇ ಇಲ್ಲ. ಕಾಲುವೆ ಗೇಟಿನ ರಾಡ್ ಎರಡೂ ಕೆಲಸ ಮಾಡುತ್ತದೆ. ಗೇಟಿನಡಿ ಹೂಳೋ ಕಲ್ಲೋ ಸಿಕ್ಕಿಕೊಂಡಾಗ ಗ್ಯಾಂಗ್‌ಮನ್ ಹ್ಯಾಂಡಲ್ ತಿರುಗಿಸುತ್ತಲೇ ಹೋದರೆ ಗೇರು ಮತ್ತು ತಿರುಪು ಸೇರಿ ಕೈಬಲವನ್ನು ಟನ್‌ಗಟ್ಟಲೆ ಒತ್ತಡವಾಗಿ ಮಾರ್ಪಡಿಸುತ್ತವೆ. ಆ ಗಳಿಗೆಯಲ್ಲಿ ರಾಡ್ ಒಂದು ಕಂಬ. ಅದೂ ಗೇಟ್ ಪೂರ್ತಿ ಕೆಳಗಿಳಿದಾಗ, ಅಂದರೆ ನಟ್ಟಿನಿಂದ ಗೇಟಿನವರೆಗಿನ ಬಿಡಿ ಉದ್ದ ಅತಿ ಹೆಚ್ಚಾಗಿರುವಾಗಲೇ ಈ ಒತ್ತಡ ಬೀಳುತ್ತದೆ. ಲೆಕ್ಕವನ್ನು ಆ ಸ್ಥಿತಿಗೇ ಮಾಡಿ.

2. ತಿರುಪಿನ ತಳದ ವ್ಯಾಸವನ್ನೇ ಹಿಡಿಯಿರಿ.
ಉದಾಹರಣೆಗೆ ಒಂದು ರಾಡ್ ತೆಗೆದುಕೊಳ್ಳೋಣ. ಹೊರವ್ಯಾಸ 50 ಮಿ.ಮೀ., ಚೌಕ ತಿರುಪು, ತಳದ ವ್ಯಾಸ 42 ಮಿ.ಮೀ. ಭಾರ ಹೊರುವುದು ಈ 42 ಮಿ.ಮೀ.ನ ತಿರುಳು, ಅದರ ವಿಸ್ತೀರ್ಣ 1385 ಚದರ ಮಿ.ಮೀ. ದುಂಡು ರಾಡಿನ ಪರಿಭ್ರಮಣ ತ್ರಿಜ್ಯ ವ್ಯಾಸದ ಕಾಲು ಭಾಗ, ಅಂದರೆ 10.5 ಮಿ.ಮೀ. ಬಿಡಿ ಉದ್ದ 1680 ಮಿ.ಮೀ. ಇದ್ದು, ಎರಡೂ ತುದಿಗಳನ್ನು ಪಿನ್ ಎಂದೇ ಎಣಿಸಿದರೆ ಸ್ಲೆಂಡರ್‌ನೆಸ್ ರೇಶಿಯೊ 1680 ಭಾಗಿಸು 10.5, ಅಂದರೆ 160. ಮೇಲಿನ ನಟ್ಟು ರಾಡನ್ನು ಬಿಗಿಯಾಗಿ ಹಿಡಿದಿದೆ ಎಂದು ಉದ್ದವನ್ನು ಕಡಿಮೆ ಎಣಿಸುವ ಆಸೆ ಬೇಡ. ಸವೆದ ನಟ್ಟಿನಲ್ಲಿ ಆ ಬಿಗಿ ಉಳಿಯುವುದಿಲ್ಲ.

3. ಯಾವ ಸೂತ್ರ ಎಂದು ಕೇಳುವ ಮೊದಲು ಗಡಿ ಎಲ್ಲಿದೆ ಎಂದು ಕಂಡುಕೊಳ್ಳಿ.
ಆಯ್ಲರ್ ಸೂತ್ರ 18ನೇ ಶತಮಾನದ್ದು. ಉಕ್ಕು ಕೊನೆಯವರೆಗೂ ಸ್ಥಿತಿಸ್ಥಾಪಕವಾಗಿಯೇ ಉಳಿಯುತ್ತದೆ, ರಾಡ್ ನೂಲು ಹಿಡಿದಷ್ಟು ನೇರವಾಗಿದೆ ಎಂಬುದು ಅದರ ನಂಬಿಕೆ. ತೆಳ್ಳಗಿನ ಉದ್ದ ರಾಡಿಗೆ ಆ ನಂಬಿಕೆ ಹೆಚ್ಚುಕಡಿಮೆ ನಿಜ. ಮಧ್ಯಮ ಉದ್ದಕ್ಕೆ ಬಳಸುವುದು ಜಾನ್ಸನ್ ಹೆಸರಿನ ಪರವಲಯ ಸೂತ್ರ. ಎರಡೂ ಕೊಡುವುದು ರಾಡ್ ಸೋಲುವ ಒತ್ತಡವನ್ನು:

```
Euler:   s = π²E / λ²
Johnson: s = fy [1 − fy λ² / (4π²E)]
ಗಡಿ:     λ = √(2π²E / fy)
```

ಇಲ್ಲಿ λ ಎಂದರೆ ಸ್ಲೆಂಡರ್‌ನೆಸ್, fy ಎಂದರೆ ಉಕ್ಕಿನ ಯೀಲ್ಡ್ ಒತ್ತಡ. ಸಾಮಾನ್ಯ ಎಂ.ಎಸ್. ಉಕ್ಕಿಗೆ fy ಚದರ ಮಿ.ಮೀ.ಗೆ 250 ನ್ಯೂಟನ್, E 2,00,000 ಎಂದು ಹಿಡಿದರೆ ಗಡಿ ಸುಮಾರು 126. ಅದಕ್ಕಿಂತ ಮೇಲಿದ್ದರೆ ಆಯ್ಲರ್, ಕೆಳಗಿದ್ದರೆ ಜಾನ್ಸನ್. ನಮ್ಮ ರಾಡಿನ 160 ಗಡಿಯ ಮೇಲಿದೆ. ಆಯ್ಲರ್ ಪ್ರಕಾರ ಅದು ಸೋಲುವ ಭಾರ ಸುಮಾರು 11 ಟನ್.

4. ನಡುವೆ ಗೈಡ್ ಹಾಕಿದರೆ ಬಲ ನಾಲ್ಕು ಪಟ್ಟಾಗುತ್ತದೆ ಎಂದು ನಂಬಬೇಡಿ.
ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವ ಜಾಗ ಇದು. 11 ಟನ್ ಸಾಲದೆಂದು ರಾಡಿನ ನಟ್ಟನಡುವೆ ಒಂದು ಗೈಡ್ ಬ್ರಾಕೆಟ್ ಕೂರಿಸುತ್ತೇವೆ. ಬಿಡಿ ಉದ್ದ 840 ಮಿ.ಮೀ.ಗೆ ಇಳಿದು ಸ್ಲೆಂಡರ್‌ನೆಸ್ 80 ಆಗುತ್ತದೆ. ಉದ್ದ ಅರ್ಧವಾದರೆ ಬಲ ನಾಲ್ಕು ಪಟ್ಟು ಎಂಬುದು ಆಯ್ಲರ್ ಪಾಠ. ಆ ಲೆಕ್ಕದಲ್ಲಿ 43.5 ಟನ್ ಬರುತ್ತದೆ. ಆದರೆ ಈ ರಾಡಿನ ಒಂದು ಗಿಡ್ಡ ತುಂಡನ್ನು ಪ್ರೆಸ್ಸಿನಲ್ಲಿಟ್ಟು ಒತ್ತಿದರೂ 35 ಟನ್ನಿಗೇ ಉಕ್ಕು ಯೀಲ್ಡ್ ಆಗುತ್ತದೆ. ಗಿಡ್ಡ ತುಂಡೇ ಹೊರಲಾರದ್ದನ್ನು ಉದ್ದನೆಯ ರಾಡ್ ಹೊರುವುದೆಲ್ಲಿಂದ ಬಂತು? ಜಾನ್ಸನ್ ಸೂತ್ರದ ಉತ್ತರ ಸುಮಾರು 28 ಟನ್. ಅಂದರೆ ಗೈಡ್‌ನಿಂದ ನಿಜವಾಗಿ ಸಿಕ್ಕಿದ್ದು ಎರಡೂವರೆ ಪಟ್ಟು ಬಲ. ಲಾಭವೇ ಸರಿ, ಆದರೆ ನಾಲ್ಕು ಪಟ್ಟಲ್ಲ.

ಈ ಕೊರತೆಗೆ ಕಾರಣ ಉಕ್ಕಿನೊಳಗೇ ಇದೆ. ಕಾರ್ಖಾನೆಯಲ್ಲಿ ರೋಲ್ ಆಗಿ ಬಂದ ಉಕ್ಕು ತಣ್ಣಗಾಗುವಾಗ ಹೊರಭಾಗವೂ ಒಳಭಾಗವೂ ಒಂದೇ ವೇಗದಲ್ಲಿ ಆರುವುದಿಲ್ಲ, ಹಾಗಾಗಿ ಒಳಗೆ ಒತ್ತಡ ಉಳಿದುಬಿಡುತ್ತದೆ. ಜೊತೆಗೆ ರಾಡ್ ಎಂದೂ ಪೂರ್ತಿ ನೇರವಾಗಿರುವುದಿಲ್ಲ. ಇವೆರಡರಿಂದ ಸರಾಸರಿ ಒತ್ತಡ 250 ಮುಟ್ಟುವ ಎಷ್ಟೋ ಮೊದಲೇ ಕೆಲವು ಎಳೆಗಳು ಯೀಲ್ಡ್ ಆಗುತ್ತವೆ. ಹಾಗೆ ಸೋತ ಎಳೆ ಬಾಗುವಿಕೆಯನ್ನು ತಡೆಯುವ ಕೆಲಸಕ್ಕೆ ಬರುವುದಿಲ್ಲ. ಪರವಲಯ ಸೂತ್ರ ಯೀಲ್ಡ್‌ನ ಅರ್ಧಕ್ಕೆ, ಅಂದರೆ 125ಕ್ಕೆ, ಆಯ್ಲರ್ ರೇಖೆಯನ್ನು ಬಿಟ್ಟು ತನ್ನ ದಾರಿ ಹಿಡಿಯುವುದು ಈ ಕಾರಣಕ್ಕೆ.

5. ಎರಡೂ ಲೆಕ್ಕ ಹಾಕಿ ಚಿಕ್ಕ ಉತ್ತರ ಹಿಡಿಯುವ ಅಡ್ಡದಾರಿ ಬಿಡಿ.
ಮೇಲ್ನೋಟಕ್ಕೆ ಇದು ಸುರಕ್ಷಿತ ಅನ್ನಿಸುತ್ತದೆ. ಆದರೆ ಪರವಲಯ ಆಯ್ಲರ್ ರೇಖೆಯನ್ನು ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ, ಉಳಿದೆಲ್ಲ ಕಡೆ ಕೆಳಗೇ ಇರುತ್ತದೆ. ಹಾಗಾಗಿ ಚಿಕ್ಕದನ್ನು ಆರಿಸಿದರೆ ಯಾವಾಗಲೂ ಜಾನ್ಸನ್ನೇ ಗೆಲ್ಲುತ್ತದೆ. ಸ್ಲೆಂಡರ್‌ನೆಸ್ 178 ದಾಟಿದರೆ ಆ ಸೂತ್ರ ಋಣ ಸಂಖ್ಯೆ ಕೊಡುತ್ತದೆ. ಎಕ್ಸೆಲ್ ಹಾಳೆಯಲ್ಲಿ MIN ಬರೆಯುವ ಬದಲು 126ರ ಆಚೆ-ಈಚೆ ನೋಡುವ IF ಬರೆಯಿರಿ.

6. ದುಬಾರಿ ಉಕ್ಕು ಕೊಳ್ಳುವ ಮೊದಲು ಗೈಡ್ ಹಾಕಿ.
ಆಯ್ಲರ್ ಸೂತ್ರದಲ್ಲಿ ಯೀಲ್ಡ್‌ಗೆ ಜಾಗವೇ ಇಲ್ಲ. 1680 ಮಿ.ಮೀ. ಬಿಡಿ ಉದ್ದದ ರಾಡಿಗೆ 250ರ ಬದಲು 410 ಯೀಲ್ಡ್‌ನ ಉಕ್ಕು ತಂದರೂ ಅದು ಅದೇ 11 ಟನ್ನಿಗೆ ಬಾಗುತ್ತದೆ. ಗೈಡ್ ಹಾಕಿ ಸ್ಲೆಂಡರ್‌ನೆಸ್ 80ಕ್ಕೆ ಇಳಿಸಿದ ಮೇಲೆ ಮಾತ್ರ ಒಳ್ಳೆಯ ಉಕ್ಕಿನ ಹಣ ಹುಟ್ಟುತ್ತದೆ. ಆಗ 28 ಟನ್ ಹೋಗಿ ಸುಮಾರು 39 ಆಗುತ್ತದೆ.

7. ಬಾಗಿದ ರಾಡನ್ನು ಗುಜರಿಗೆ ಹಾಕುವ ಮುಂಚೆ ಓದಿ.
ಒತ್ತಡ ಬಿಟ್ಟೊಡನೆ ರಾಡ್ ಬಹುಪಾಲು ನೆಟ್ಟಗಾದರೆ ಅದು ತೆಳ್ಳಗಿನ ರಾಡಿನ ಸ್ಥಿತಿಸ್ಥಾಪಕ ಬಾಗು, ಇನ್ನೊಂದು ಗೈಡ್ ಬೇಕು. ಬಾಗು ಹಾಗೆಯೇ ಉಳಿದು, ರಾಡ್ ನಟ್ಟಿನಲ್ಲಿ ಸಿಕ್ಕಿಕೊಂಡು, ಹ್ಯಾಂಡಲ್ ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲ ತಿರುಗಿದರೆ ಎಳೆಗಳು ಯೀಲ್ಡ್ ಆಗಿವೆ. ರಾಡಿನುದ್ದಕ್ಕೂ ದಾರ ಹಿಡಿದು ನಡುವಿನ ಸಂದು ಅಳೆದರೆ ಬಾಗು ಎಷ್ಟೆಂದು ತಿಳಿಯುತ್ತದೆ. ಬಡಿದು ನೆಟ್ಟಗೆ ಮಾಡಿದ ರಾಡಿಗೆ ಹಳೆಯ ಲೆಕ್ಕ ಅನ್ವಯಿಸುವುದಿಲ್ಲ. ಒಳಗಿನ ಒತ್ತಡವೂ ಉಳಿದ ಸೊಟ್ಟವೂ ಹೆಚ್ಚಿರುತ್ತವೆ. ಆದ್ದರಿಂದ ಹೊಸದನ್ನೇ ಹಾಕಿ.

ಇನ್ನೊಂದು ಮಾತು. 28 ಟನ್ ಎಂಬುದು ಸೋಲುವ ಭಾರ, ಬಳಸುವ ಭಾರವಲ್ಲ. ನಮ್ಮ ಐ.ಎಸ್. 800:2007 ಪರವಲಯವನ್ನು ಬಳಸುವುದಿಲ್ಲ. ರಾಡಿನ ಆರಂಭದ ಸೊಟ್ಟವನ್ನೇ ಲೆಕ್ಕಕ್ಕೆ ಸೇರಿಸುವ ಪೆರ್ರಿ-ರಾಬರ್ಟ್‌ಸನ್ ವಿಧಾನ ಅದರದು. ಗೈಡ್ ಹಾಕಿದ ನಮ್ಮ ರಾಡಿಗೆ, ಘನ ದುಂಡು ರಾಡಿನ ‘ಸಿ’ ವಕ್ರರೇಖೆಯಲ್ಲಿ, ಅದು ಕೊಡುವ ವಿನ್ಯಾಸ ಬಲ ಸುಮಾರು 19 ಟನ್. ನಕ್ಷೆಯಲ್ಲಿ ಬರೆಯಬೇಕಾದ ಸಂಖ್ಯೆ ಅದು.