ಒಂದೇ ಷೇರಿಗೆ ಎಷ್ಟು ಹಣ?

ಪ್ರಶ್ನೆ: ಕಡಗಂಚಿಯಲ್ಲಿ ನಮ್ಮದು ತೊಗರಿ ಹೊಲ. ಬಿತ್ತನೆ ಖರ್ಚು, ಮನೆ ಖರ್ಚು ತೆಗೆದಿಟ್ಟ ಮೇಲೆ 6 ಲಕ್ಷ ರೂಪಾಯಿ ಉಳಿದಿದೆ. ಟ್ರ್ಯಾಕ್ಟರ್ ಕಂಪನಿಯೊಂದರ ಷೇರು 400 ರೂಪಾಯಿಗೆ ಸಿಗುತ್ತಿದೆ, ಚೆನ್ನಾಗಿ ಏರುತ್ತದೆ ಎಂಬ ನಂಬಿಕೆ ನನಗಿದೆ. 4 ಲಕ್ಷ ಹಾಕಲೇ? ನಮ್ಮಣ್ಣ ಬೇಡ ಅನ್ನುತ್ತಾರೆ.

ಉತ್ತರ: ಷೇರು ಏರುತ್ತದೋ ಇಲ್ಲವೋ ಎಂಬುದನ್ನು ಸದ್ಯ ಬದಿಗಿಡಿ. ನಿಮ್ಮ ಎಣಿಕೆ ತಪ್ಪಿದರೆ ಎಷ್ಟು ಹಣ ಹೋದರೂ ತಡೆದುಕೊಳ್ಳಬಲ್ಲಿರಿ ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಅನುಭವಿಗಳು ಹೆಚ್ಚಾಗಿ ಒಟ್ಟು ಹಣದ ಶೇ 1ರಷ್ಟನ್ನು ಮಿತಿಯಾಗಿ ಇಟ್ಟುಕೊಳ್ಳುತ್ತಾರೆ. ನಿಮಗೆ ಅದು 6,000 ರೂಪಾಯಿ.

ಬೆಲೆ ಎಲ್ಲಿಗೆ ಇಳಿದರೆ ನಿಮ್ಮ ಲೆಕ್ಕ ತಪ್ಪಿತು ಎಂದು ಒಪ್ಪಿ ಮಾರುತ್ತೀರಿ? 350 ರೂಪಾಯಿ ಎಂದಿಟ್ಟುಕೊಳ್ಳೋಣ. ಆಗ ಒಂದು ಷೇರಿಗೆ 50 ರೂಪಾಯಿ ನಷ್ಟ. 6,000ವನ್ನು 50ರಿಂದ ಭಾಗಿಸಿದರೆ 120 ಷೇರು, ಅಂದರೆ 48,000 ರೂಪಾಯಿ. ನಿಮ್ಮ ಹಣದಲ್ಲಿ ಇದು ಶೇ 8 ಮಾತ್ರ.

ಇಲ್ಲೊಂದು ಬಲೆ ಇದೆ. 390ಕ್ಕೇ ಮಾರುತ್ತೇನೆ ಎಂದುಕೊಂಡರೆ ಷೇರಿಗೆ 10 ರೂಪಾಯಿ ನಷ್ಟ ಅಷ್ಟೆ. ಅದೇ ಲೆಕ್ಕದಲ್ಲಿ 600 ಷೇರು, ಅಂದರೆ 2.4 ಲಕ್ಷ ಹಾಕಬಹುದು ಎಂದಾಗುತ್ತದೆ. ಆದರೆ ನಾವು ಹೇಳಿದ ಬೆಲೆಗೆ ಮಾರುಕಟ್ಟೆ ಕೊಂಡುಕೊಳ್ಳಲೇಬೇಕೆಂದಿಲ್ಲ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಲೆಕ್ಕಪತ್ರ ಸುಳ್ಳೆಂದು ಒಪ್ಪಿಕೊಂಡಾಗ, ಷೇರು ಒಂದೇ ದಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು. ಇನ್ನು ಹಲವು ಷೇರುಗಳು ಲೋವರ್ ಸರ್ಕ್ಯೂಟ್‌ಗೆ ಬಿದ್ದರೆ ಕೊಳ್ಳುವವರೇ ಇರುವುದಿಲ್ಲ, ಸ್ಟಾಪ್ ಲಾಸ್ ಆರ್ಡರ್ ಹಾಗೇ ಕೂತಿರುತ್ತದೆ. ಸತ್ಯಂಗೆ ಆದಂತೆ ಒಂದೇ ದಿನ ಮುಕ್ಕಾಲು ಪಾಲು ಹೋದರೆ 2.4 ಲಕ್ಷದಲ್ಲಿ 1.8 ಲಕ್ಷ ಕರಗುತ್ತದೆ, ಉಳಿದ 4.2 ಲಕ್ಷ ಮತ್ತೆ 6 ಲಕ್ಷವಾಗಲು ಶೇ 43ರಷ್ಟು ಲಾಭ ಬೇಕು. 48,000ದಲ್ಲಾದರೆ ಹೋಗುವುದು 36,000. ಆದ್ದರಿಂದ ಶೇ 1ರ ಲೆಕ್ಕ ಏನೇ ಹೇಳಲಿ, ಒಂದು ಕಂಪನಿಯ ಷೇರಿಗೆ ಒಟ್ಟು ಹಣದ ಶೇ 10 ಮೀರಬೇಡಿ.

ನಿಮ್ಮ ವಿಷಯದಲ್ಲಿ ಇನ್ನೊಂದು ಮಾತಿದೆ. ಮಳೆ ಕೈಕೊಟ್ಟರೆ ತೊಗರಿಯೂ ಹೋಗುತ್ತದೆ, ರೈತರು ಟ್ರ್ಯಾಕ್ಟರ್ ಕೊಳ್ಳುವುದನ್ನೂ ಮುಂದೂಡುತ್ತಾರೆ. ಹೊಲಕ್ಕೂ ಷೇರಿಗೂ ಒಂದೇ ಹೊತ್ತಿಗೆ ಪೆಟ್ಟು ಬೀಳಬಹುದು. ಗೊಬ್ಬರ, ಬೀಜದ ಕಂಪನಿಗಳ ಷೇರು ಸೇರಿಸಿದರೂ ಅಪಾಯ ಹಂಚಿದಂತಾಗದು; ಅವನ್ನೆಲ್ಲ ಒಂದೇ ಗುಂಪೆಂದು ಎಣಿಸಿ ಒಟ್ಟು ಮಿತಿ ಹಾಕಿ.

ನಿಮ್ಮಣ್ಣ ಹೇಳಿದ್ದು ಸರಿ. ಕೊಳ್ಳಲೇಬೇಕೆನಿಸಿದರೆ 120 ಷೇರಿಗಿಂತ ಹೆಚ್ಚು ಬೇಡ, ಮಳೆಯ ನಂಟು ನೆನೆದರೆ 60 ಸಾಕು. ಮಾರುವ ಬೆಲೆಯನ್ನು ಕೊಳ್ಳುವ ಮೊದಲೇ ಬರೆದಿಡಿ. ಬೆಲೆ ಇಳಿಯಿತೆಂದು ಇನ್ನಷ್ಟು ಕೊಂಡು ಸರಾಸರಿ ಇಳಿಸಲು ಹೋಗಬೇಡಿ. ಹಾಗೆ ಮಾಡಿದರೆ ನೀವೇ ಹಾಕಿಕೊಂಡ ಮಿತಿಯನ್ನು ನೀವೇ ಮುರಿದಂತೆ.